ರೂಲ್ಸಪ್ಪನ ಭಾನುವಾರ

ಆಸ್ಪತ್ರೆಯ ಬಾಯ್ಲರ್ ಮನೆಯಲ್ಲಿ ಅವನಿಗೆ ರೂಲ್ಸಪ್ಪ ಎಂದು ಹೆಸರು. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ. ತನಗದು ಗೊತ್ತೇ ಇಲ್ಲವೆಂಬಂತೆ ಅವನೂ ಇದ್ದುಬಿಟ್ಟಿದ್ದ. ನಿಜ ಹೇಳಬೇಕೆಂದರೆ ಒಳಗೊಳಗೇ ಆ ಹೆಸರು ಅವನಿಗೆ ಹಿಡಿಸಿತ್ತು. ಹತ್ತೊಂಬತ್ತು ವರ್ಷದ ಕೆಲಸದಲ್ಲಿ ಒಂದು ದಿನವೂ ಯಾರ ಹತ್ತಿರವೂ ಪಾಳಿ ಬದಲಿಸಿಕೊಂಡವನಲ್ಲ, ಯಾರಿಗೂ ಬದಲಿಸಿ ಕೊಟ್ಟವನೂ ಅಲ್ಲ. ಇದನ್ನು ಅವನು ನೆಂಟರಿಷ್ಟರ ನಡುವೆ ಯಾರೂ ಕೇಳದಿದ್ದರೂ ಹೇಳುತ್ತಿದ್ದ.

ಇಂಥವನ ತಂಗಿ, ಮದುವೆಯೇ ಬೇಡವೆಂದು ಹಟ ಹಿಡಿದಿದ್ದವಳು, ನಲವತ್ತೊಂದನೆಯ ವಯಸ್ಸಿನಲ್ಲಿ ಒಪ್ಪಿಕೊಂಡಳು. ಅಪ್ಪ ಅಮ್ಮ ಇಲ್ಲ. ಹುಡುಗಿಯ ಕಡೆಯವರು ಎಂದು ನಿಲ್ಲಲು ಇವನೊಬ್ಬನೇ ಅಣ್ಣ. ಅವಳು ಫೋನಿನಲ್ಲಿ ದಿನದ ಮಾತೆತ್ತುತ್ತಿದ್ದಂತೆ ಇವನು ಅಡುಗೆಮನೆಯ ಗೋಡೆಗೆ ಅಂಟಿಸಿದ್ದ ಪಾಳಿಪಟ್ಟಿಯ ಮೇಲೆ ಬೆರಳಿಟ್ಟು, "ಆ ಭಾನುವಾರ ನಂಗೆ ವಾರದ ರಜೆ. ಬೆಳಗ್ಗೆ ಹನ್ನೊಂದಕ್ಕೆ ಇಟ್ಕೋ. ಕಲ್ಲಲ್ಲಿ ಕೆತ್ತಿದ ಹಾಗೆ, ಬದಲಾಗಲ್ಲ" ಎಂದಿದ್ದ.

ಮದುವೆಗೆ ಮೂರು ದಿನ ಉಳಿದಿತ್ತು. ಗುರುವಾರ ಬೆಳಗ್ಗೆ ಒಂಬತ್ತಕ್ಕೆ ಕಾಫಿ ಲೋಟ ಇಡುತ್ತಾ ಹೆಂಡತಿ ಕೇಳಿದಳು: "ರೀ, ಹೋದ ವಾರ ಹೊಸ ಪಟ್ಟಿ ಬರೆದು ಬಂದೆ ಅಂತ ಜಂಬ ಕೊಚ್ಕೊಂಡ್ರಲ್ಲ, ಇಲ್ಲಿರೋದು ಯಾವುದು?"

ಅವನು ಲೋಟ ಬಿಟ್ಟು ಎದ್ದು ಪಟ್ಟಿಯ ಮುಂದೆ ನಿಂತ. ಐವರಿದ್ದ ಬಾಯ್ಲರ್ ಆಪರೇಟರುಗಳಲ್ಲಿ ಹಿರಿಯರೊಬ್ಬರು ನಿವೃತ್ತರಾಗಿ ಇವನು, ಮೀಸೆಯವರು, ಕನ್ನಡಕದವರು, ಕಿರಿಯ ಎಂದು ನಾಲ್ವರು ಉಳಿದಿದ್ದರು. ಹೊಸ ಪಟ್ಟಿಯನ್ನು ಸ್ಕೇಲಿಟ್ಟು ಗೆರೆ ಎಳೆದು, ಎರಡು ಬಣ್ಣದ ಪೆನ್ನಿನಲ್ಲಿ ಬರೆದು ಬಾಯ್ಲರ್ ಮನೆಯಲ್ಲಿ ಅಂಟಿಸಿದವನು ಅವನೇ. ಅದರಲ್ಲಿ ಅವನ ರಜೆ ಶನಿವಾರಕ್ಕೆ ಜಾರಿತ್ತು. ಭಾನುವಾರ ಬೆಳಗ್ಗೆ ಆರರಿಂದ ಎರಡರವರೆಗೆ ಅವನದೇ ಪಾಳಿ. ತನ್ನ ಕೈಯಾರೆ, ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ಬರೆದಿದ್ದ. ಅಡುಗೆಮನೆಯ ಗೋಡೆಯ ಮೇಲಿದ್ದದ್ದು ಹಳೆಯ ಪಟ್ಟಿ.

ಎರಡು ಗಂಟೆಯ ಪಾಳಿಗೆ ಅವನು ಅಂದು ಹನ್ನೆರಡಕ್ಕೇ ಹೋಗಿ ಮ್ಯಾನೇಜರ್ ಮೇಡಂ ಕೋಣೆಯ ಮುಂದೆ ನಿಂತ. ಅರ್ಜಿ ಒಂದೂವರೆ ಪುಟವಿತ್ತು. ಮೊದಲ ಪುಟದ ತುಂಬ ಅವನ ಹತ್ತೊಂಬತ್ತು ವರ್ಷದ ಶಿಸ್ತೇ ಇತ್ತು. ಮದುವೆಯ ವಿಷಯ ಎರಡನೆಯ ಪುಟಕ್ಕೆ ಹೋಗಿಬಿಟ್ಟಿತ್ತು.

ಮೇಡಂ ಎರಡನೆಯ ಪುಟವನ್ನಷ್ಟೇ ಓದಿದರು. "ರಜೆ ಕೊಡೋಕೆ ಆಗಲ್ಲ, ಹೆಚ್ಚಿನ ಜನ ಇಲ್ಲ. ಪಾಳಿ ಬದಲಿ ಬೇಕಿದ್ರೆ ಸರ್ಟಿಫಿಕೇಟ್ ಇರೋ ಆಪರೇಟರೇ ಒಪ್ಕೋಬೇಕು. ಯಾರು ಮಾಡ್ತಾರೆ?"

"ಮೀಸೆಯವರು..."

"ಅವರು ಶನಿವಾರ ರಾತ್ರಿಪಾಳಿ. ಭಾನುವಾರ ಬೆಳಗ್ಗೆ ಆರಕ್ಕೆ ಮುಗಿಸಿ, ಆರಕ್ಕೇ ಮತ್ತೆ ಶುರು ಮಾಡ್ತಾರಾ?"

"ಕನ್ನಡಕದವರು? ಅವರ ಮಧ್ಯಾಹ್ನದ ಪಾಳಿ ನಾನು ಮಾಡ್ತೀನಿ."

"ಶನಿವಾರ ರಾತ್ರಿ ಹತ್ತಕ್ಕೆ ಬಿಡ್ತಾರೆ. ಎಂಟೇ ಗಂಟೆ ವಿಶ್ರಾಂತಿ. ಎರಡು ಪಾಳಿ ನಡುವೆ ಹನ್ನೆರಡು ಗಂಟೆ ಇರಲೇಬೇಕು ಅಂತ ನಿಯಮ." ಮೇಡಂ ಡ್ರಾಯರಿನಿಂದ ಒಂದು ಹಾಳೆ ತೆಗೆದರು. "ಬದಲಿ ಅರ್ಜಿ ಎಪ್ಪತ್ತೆರಡು ಗಂಟೆ ಮೊದಲೇ ಬರಬೇಕು ಅಂತಾನೂ ಇದೆ. ಈಗ ಆರು ಗಂಟೆ ತಡವಾಗಿದೆ. ಈ ಅಕ್ಷರ ಯಾರದು ಗೊತ್ತಾಯ್ತಾ?"

ಗೊತ್ತಾಗದೆ ಏನು? ಸ್ಕೇಲಿಟ್ಟು ಎಳೆದ ಗೆರೆ, ಎರಡು ಬಣ್ಣದ ಪೆನ್ನು. ಎರಡು ವರ್ಷದ ಹಿಂದೆ ಇಬ್ಬರು ಚಹಾ ಕುಡಿಯುತ್ತಾ ಬಾಯಿಮಾತಲ್ಲೇ ಪಾಳಿ ಬದಲಿಸಿಕೊಂಡು, ಕಡೆಗೆ ಇಬ್ಬರೂ ಬಾರದೆ ಹೋದಾಗ ದೂರು ಕೊಟ್ಟು ಈ ನಿಯಮ ಮಾಡಿಸಿದವನು ಇವನೇ. ಬೇರೆಯವರಾಗಿದ್ದರೆ ನಾಲ್ಕು ಮಾತು ಬೈಯಬಹುದಿತ್ತು. ಬೈಯಲು ಕೋಣೆಯಲ್ಲಿ ತನ್ನನ್ನು ಬಿಟ್ಟು ಬೇರೆ ಯಾರೂ ಸಿಗಲಿಲ್ಲ.

"ಉಳಿದವನು ಕಿರಿಯ. ಭಾನುವಾರ ಅವನಿಗೆ ರಜೆ, ಶನಿವಾರ ಎರಡಕ್ಕೇ ಬಿಡ್ತಾನೆ. ಅವನು ಬಂದು ನನ್ನ ಮುಂದೆ ಸಹಿ ಹಾಕಿದ್ರೆ ತಡ ಆಗಿದ್ದನ್ನ ನಾನು ಮನ್ನಾ ಮಾಡ್ತೀನಿ," ಎಂದರು ಮೇಡಂ. "ಆ ಅಧಿಕಾರ ನೀವು ನಂಗೆ ಬಿಟ್ಟಿದ್ದೀರಲ್ಲ, ಪುಣ್ಯ."

ಕಿರಿಯ! ಆ ಹೆಸರನ್ನು ಮಾತ್ರ ಅವನು ಬೇಕೆಂದೇ ಎತ್ತಿರಲಿಲ್ಲ. ಹೋದ ವರ್ಷ ಅವನು ಮಗಳ ಮೊದಲ ಹುಟ್ಟುಹಬ್ಬಕ್ಕೆ ಬದಲಿ ಕೇಳಿಕೊಂಡು ಬಂದಿದ್ದ. ಆಗ ಗಡುವು ಮೀರಿ ಬರೀ ಹನ್ನೆರಡು ಗಂಟೆ ಕಳೆದಿತ್ತು. ಹುಟ್ಟುಹಬ್ಬದ ದಿನ ರೂಲ್ಸಪ್ಪನಿಗೆ ರಜೆಯೂ ಇತ್ತು, ಮಾಡಲು ಕೆಲಸವೂ ಇರಲಿಲ್ಲ. ಆದರೂ ಗೋಡೆಯ ಮೇಲಿದ್ದ ನಿಯಮದ ಹಾಳೆಯತ್ತ ಬೆರಳು ತೋರಿಸಿ, "ಓದೋಕೆ ಬರುತ್ತಲ್ಲ?" ಎಂದಿದ್ದ. ಆ ಮಾತು ಬಹಳ ಚೆನ್ನಾಗಿದೆ ಎನ್ನಿಸಿ ಮನೆಗೆ ಹೋಗಿ ಹೆಂಡತಿಗೂ ಹೇಳಿದ್ದ. ಅವಳು ನಕ್ಕಿರಲಿಲ್ಲ.

ಬಾಯ್ಲರ್ ಮನೆಯಲ್ಲಿ ಕಿರಿಯ ನೀರಿನ ಮಟ್ಟ ತೋರಿಸುವ ಗಾಜನ್ನು ನೋಡಿ ಲಾಗ್‌ಬುಕ್ಕಿನಲ್ಲಿ ಬರೆಯುತ್ತಿದ್ದ. ದಾರಿಯುದ್ದಕ್ಕೂ ಸಿದ್ಧಮಾಡಿಕೊಂಡಿದ್ದ ಭಾಷಣ ಶಾಖಕ್ಕೋ ನಾಚಿಕೆಗೋ ಆವಿಯಾಗಿ ಹೋಯಿತು.

"ಭಾನುವಾರ ತಂಗಿ ಮದುವೆ," ಎಂದ. "ಪಟ್ಟಿ ನಾನೇ ಬರೆದು ನಾನೇ ಮರ್ತೆ. ಅರ್ಜಿನೂ ತಡ ಆಗಿದೆ. ನಿನ್ನ ಕೇಳೋಕೆ ನಂಗೆ ಮುಖ ಇಲ್ಲ. ಆದ್ರೂ ಕೇಳ್ತಿದೀನಿ."

"ಆಯ್ತಣ್ಣ," ಎಂದ ಕಿರಿಯ, ಬರೆಯುವುದನ್ನು ನಿಲ್ಲಿಸದೆ.

ಅಷ್ಟೇ. ಒಂದು ಕುಟುಕು ಮಾತಾದರೂ ಬರುತ್ತದೆಂದು ರೂಲ್ಸಪ್ಪ ಕಾದ. ಬೈಸಿಕೊಂಡಿದ್ದರೆ ಸ್ವಲ್ಪ ಹಗುರವಾಗುತ್ತಿತ್ತು. ಬಾಯ್ಲರ್ ಬಿಟ್ಟು ಇಬ್ಬರೂ ಒಟ್ಟಿಗೆ ಮೇಡಂ ಹತ್ತಿರ ಹೋಗುವಂತಿರಲಿಲ್ಲ. ಹಾಗಾಗಿ ಪಾಳಿ ಬದಲಾಗುವ ಎರಡು ಗಂಟೆಗೆ ಮೇಡಂ ಅವರೇ ಹಾಳೆ ಹಿಡಿದು ಕೆಳಗಿಳಿದು ಬಂದರು. ಕಿರಿಯ ಸಹಿ ಹಾಕಿದ. 'ಪ್ರತಿಯಾಗಿ ಮಾಡಿಕೊಡುವ ಪಾಳಿ' ಎಂಬ ಸಾಲಿನ ಮುಂದೆ, ಮುಂದಿನ ತಿಂಗಳ ಹದಿನೆಂಟನೇ ತಾರೀಕು ಎಂದು ಬರೆದ.

"ಅವತ್ತು ಪಾಪುಗೆ ಎರಡು ತುಂಬುತ್ತೆ," ಎಂದ. "ಮೊದಲ ಹುಟ್ಟುಹಬ್ಬದ ಫೋಟೋದಲ್ಲಿ ನಾನೊಬ್ಬನೇ ಇಲ್ಲ. ಈಗ ಅದನ್ನ ತೋರಿಸಿ, ಅಪ್ಪ ಎಲ್ಲಿ ಅಂತ ಕೇಳ್ತಾಳೆ."

ರೂಲ್ಸಪ್ಪ ತಲೆ ತಗ್ಗಿಸಿ ಸಹಿ ಹಾಕಿದ. ಮೊದಲ ಬಾರಿಗೆ ಅವನ ಸಹಿ ಗೆರೆಯಿಂದ ಕೆಳಕ್ಕೆ ಜಾರಿತು.

ಭಾನುವಾರ ಅವನು ಹತ್ತು ಗಂಟೆಗೇ ಹಾಲ್‌ನಲ್ಲಿದ್ದ. ಸುಮ್ಮನಿರಲಾಗದೆ, ಅಲಂಕಾರ ಮಾಡಿಕೊಳ್ಳುತ್ತಿದ್ದ ತಂಗಿಯ ಕೋಣೆಗೆ ಹೋಗಿ ಎಲ್ಲವನ್ನೂ ಒಪ್ಪಿಸಿಬಿಟ್ಟ. "ನನ್ನ ಪಟ್ಟಿ ನಂಬಿ ದಿನ ಇಟ್ಟೆ ನೀನು. ನಾನು ನೋಡಿದ್ರೆ..."

"ಅಯ್ಯೋ ಅಣ್ಣ, ನಿನ್ನ ಪಟ್ಟಿ ಯಾರು ನಂಬಿದ್ರು? ಹಾಲ್ ಖಾಲಿ ಇದ್ದಿದ್ದೇ ಇವತ್ತೊಂದು ದಿನ. ನೀನು ಅಷ್ಟು ಗತ್ತಲ್ಲಿ ಹೇಳ್ತಿದ್ದೆ, ಹೂಂ ಅಂದೆ."

ಉಳಿದಿದ್ದ ಗತ್ತೂ ಇಳಿಯಿತು. "ನಾನು ಬರೋಕಾಗದೆ ಹೋಗಿದ್ರೆ?"

"ಎರಡಕ್ಕೆ ಡ್ಯೂಟಿ ಬಿಡ್ತಿತ್ತಲ್ಲ? ಕಾಯ್ತಿದ್ವಿ," ಎಂದಳು ತಂಗಿ, ಕನ್ನಡಿಯಲ್ಲಿ ಕಿವಿಯ ಓಲೆ ಸರಿಮಾಡಿಕೊಳ್ಳುತ್ತಾ. "ಹಾಲ್ ಸಂಜೆವರೆಗೂ ನಮ್ದೇ. ನೀನಿಲ್ದೆ ನಾನು ಮದುವೆ ಆಗ್ತೀನಾ?"

ತನಗಾಗಿ ಒಂದು ಮದುವೆಯೇ ಕಾಯುತ್ತಿತ್ತು. ತಾನೋ, ಒಂದು ಮಗುವಿಗಾಗಿ ಹನ್ನೆರಡು ಗಂಟೆಯ ತಡವನ್ನು ಮನ್ನಾ ಮಾಡಿರಲಿಲ್ಲ. ಕಣ್ಣು ತುಂಬಿ ಬಂತು. ತಂಗಿಯ ಮದುವೆಯೆಂದು ಅಣ್ಣ ಅಳುತ್ತಿದ್ದಾನೆಂದು ಎಲ್ಲರೂ ತಿಳಿದುಕೊಂಡರು. ಅವನೂ ತಿದ್ದಲು ಹೋಗಲಿಲ್ಲ. ಫೋಟೋಗೆ ಕರೆದಾಗ ಹಿಂದೆ ನಿಂತವನನ್ನು ತಂಗಿಯೇ ಕೈಹಿಡಿದು ಪಕ್ಕಕ್ಕೆ ಎಳೆದುಕೊಂಡಳು.

ಸಂಜೆ ಮನೆಗೆ ಬಂದವನು ಅಡುಗೆಮನೆಯ ಹಳೆಯ ಪಟ್ಟಿಯನ್ನು ಕಿತ್ತು ಹೊಸದನ್ನು ಅಂಟಿಸಿದ. ಮುಂದಿನ ತಿಂಗಳ ಹದಿನೆಂಟರ ಚೌಕದಲ್ಲಿ ಕೆಂಪು ಪೆನ್ನಿನಿಂದ 'ಪಾಪುಗೆ ಎರಡು ವರ್ಷ, ಪಾಳಿ ನನ್ನದು' ಎಂದು ಬರೆದ. ತಾನೇ ಮೂರು ಸಲ ನೋಡಿದ. ತನ್ನ ಮೇಲೆ ತನಗೇ ನಂಬಿಕೆ ಬರಲಿಲ್ಲ.

"ಏ, ಇಲ್ಲಿ ಬಾ," ಎಂದು ಹೆಂಡತಿಯನ್ನು ಕರೆದ. "ಸರಿಯಾಗಿದೆಯಾ ನೀನೊಂದು ಸಲ ನೋಡು."