ವಾರ್ಡನ್ನರ ಕ್ಯಾನ್ ನೀರು

ನಮ್ಮ ಮಾಗಡಿ ಸರ್ಕಾರಿ ಹಾಸ್ಟೆಲಿನ ವಾರ್ಡನ್ ನಟರಾಜು ಅವರಿಗೆ ಮೆಸ್ಸಿನ ಅನ್ನ ಒಗ್ಗುವುದಿಲ್ಲ. ಊಟ ಮನೆಯಿಂದ ಬರುತ್ತದೆ, ಕುಡಿಯಲು ಆಫೀಸಿನಲ್ಲಿ ಕ್ಯಾನ್ ನೀರಿದೆ. ಹಳಸಿದ್ದನ್ನು ತಿನ್ನಲು ನಾವಿದ್ದೇವಲ್ಲ!

ನನ್ನ ರೂಮಿನ ದೀಪು ವಾಂತಿಭೇದಿಯಾಗಿ ಆಸ್ಪತ್ರೆ ಸೇರಿದ ದಿನವೇ ಅವರಿಗೆ ಪತ್ರ ಬರೆದೆ.

‘ಮಾನ್ಯರೇ, ರಾತ್ರಿ ಮಿಕ್ಕ ಅನ್ನಕ್ಕೆ ಬೆಳಿಗ್ಗೆ ಒಗ್ಗರಣೆ ಹಾಕಿ ಚಿತ್ರಾನ್ನವೆಂದು ಬಡಿಸುತ್ತಿದ್ದಾರೆ. ಅದು ಅಂಟಂಟಾಗಿ ನಾರುತ್ತದೆ. ಮೆಸ್ಸಿನ ಟ್ಯಾಂಕಿನ ಮುಚ್ಚಳ ಒಡೆದಿದೆ. ಒಳಗೆ ಪಾಚಿ, ಪಾರಿವಾಳದ ಪುಕ್ಕ. ದಯವಿಟ್ಟು ಟ್ಯಾಂಕ್ ತೊಳೆಸಿ, ಮುಚ್ಚಳ ಹಾಕಿಸಿ, ಮಿಕ್ಕದ್ದನ್ನು ಮರುದಿನ ಬಡಿಸದಂತೆ ಅಡುಗೆಯವರಿಗೆ ಹೇಳಿ. ಇಂತಿ, ದೇವರಾಜ್, ದ್ವಿತೀಯ ಬಿ.ಕಾಂ.’

ಟ್ಯಾಂಕ್ ತೊಳೆಸುವ ಬದಲು ಮಹಾನುಭಾವರು ನಮ್ಮೂರು ತಿಪ್ಪಸಂದ್ರಕ್ಕೆ ಫೋನ್ ಮಾಡಿ ನನ್ನ ಅವ್ವನನ್ನು ಕರೆಸಿದರು. ದೂರು ಸುಳ್ಳೆಂದು ನಾನು ತಪ್ಪೊಪ್ಪಿಗೆ ಬರೆದುಕೊಡಬೇಕು, ಇಲ್ಲದಿದ್ದರೆ ಹಾಸ್ಟೆಲ್ ಸೀಟು ರದ್ದು. ಸೀಟು ಹೋದರೆ ನನ್ನ ಓದೂ ಹೋದಂತೆ. ಹೊರಗೆ ರೂಮು ಮಾಡಿಕೊಂಡು ಓದುವ ಶಕ್ತಿ ನಮಗಿಲ್ಲ. ಬೇರೆ ದಾರಿಯಿಲ್ಲದೆ ಅವರ ಆಫೀಸಿನಲ್ಲಿ ಪೆನ್ನು ಹಿಡಿದು ಕೂತಿದ್ದೆ.

ಬಿಸಿಲಲ್ಲಿ ಬಂದ ಅವ್ವ ಎದುರಿಗಿದ್ದ ಮೆಸ್ಸಿನ ನಲ್ಲಿಗೆ ಲೋಟ ಹಿಡಿದಳು. ಹುಡುಗರು ತಟ್ಟೆ ಹಿಡಿದು ಸಾಲಾಗಿ ನಿಂತಿದ್ದರು. ನಟರಾಜು ಕುರ್ಚಿಯಿಂದ ಧಡಕ್ಕನೆ ಎದ್ದರು. ಹೊರಗಿನಿಂದ ಬಂದ ಹಿರಿಯರ ಮುಂದೆ ಭಾರಿ ಮರ್ಯಾದಸ್ಥರು ಅವರು.

"ಅಯ್ಯೋ, ಅದ ಕುಡೀಬ್ಯಾಡಿ ಕಣಮ್ಮಾ! ವಾಂತಿ ಆಯ್ತದೆ. ಬನ್ನಿ, ಕ್ಯಾನ್ ನೀರ್ ಕೊಡ್ತೀನಿ."

ಸಾಲಿನಲ್ಲಿದ್ದವರೆಲ್ಲ ಇತ್ತ ತಿರುಗಿದರು. ಅವ್ವ ಲೋಟದ ನೀರು ಚೆಲ್ಲಿದಳು.

"ನಂಗೆ ವಾಂತಿ ಆಯ್ತದೆ, ನನ್ ಮಗುಂಗೆ ಆಗಕಿಲ್ವಾ ಸಾ? ಇವ್ನು ಸುಳ್ಳು ಬರ್ದವ್ನೆ ಅಂತ ತಾನೆ ನನ್ ಕರ್ಸಿದ್ದು?"

"ಅದು... ಟ್ಯಾಂಕ್ ಒಸಿ ಗಲೀಜಾಗೈತೆ ಅಷ್ಟೆ..."

"ಲೇ ದೇವ, ಆ ಪೆನ್ನು ಮಡಗ್ಲಾ. ಟ್ಯಾಂಕ್ ತೊಳೆಯೋಗಂಟ ನಾನು ಇಲ್ಲಿಂದ ಏಳಕಿಲ್ಲ."

ಹುಡುಗರೆಲ್ಲ ತಟ್ಟೆ ಕೆಳಗಿಟ್ಟು ಅವ್ವನ ಸುತ್ತ ಕೂತರು. ಆಗ ನೋಡಬೇಕಿತ್ತು ಆ ಮನುಷ್ಯನ ಚುರುಕು! ಆಳುಗಳು ಓಡಿಬಂದರು. ಟ್ಯಾಂಕ್ ಬರಿದು ಮಾಡಿದಾಗ ತಳದಲ್ಲಿ ಕೆಸರು, ಕೊಳೆತ ಪಾರಿವಾಳವೊಂದು. ಒಬ್ಬ ಹುಡುಗ ಅಲ್ಲೇ ಓಕರಿಸಿದ. ಗೋಡೆ ಉಜ್ಜಿ, ಬ್ಲೀಚಿಂಗ್ ಪೌಡರ್ ಕದಡಿದ ನೀರಿನಲ್ಲಿ ತೊಳೆದು, ಹೊಸ ನೀರು ತುಂಬಿ ನಲ್ಲಿಗಳಿಂದ ಪೂರ್ತಿ ಹರಿಸಿ, ಮತ್ತೆ ತುಂಬಿಸಿ, ಹೊಸ ಮುಚ್ಚಳ ಹಾಕಿದರು. ಬೆಳಗಿನ ಚಿತ್ರಾನ್ನ ಗುಂಡಿಗೆ ಹೋಯಿತು. ಇಷ್ಟಕ್ಕೆ ಅರ್ಧ ದಿನ ಸಾಕಾಯಿತು.

ನಟರಾಜು ಬೆವರು ಒರೆಸಿಕೊಳ್ಳುತ್ತಾ ಬಂದರು. ನಾಚಿಕೆಗೆಟ್ಟ ನಗು ಬೇರೆ.

"ಆಯ್ತಲ್ಲಮ್ಮಾ. ನಿಮ್ ಹುಡ್ಗ ಇಲ್ಲೇ ಇರ್ಲಿ ಬುಡಿ."

ಅವ್ವ ಸೆರಗು ಕೊಡವಿ ಎದ್ದಳು. "ಅವ್ನು ಇರ್ತಾನೆ ಬುಡಿ. ನೀವು ಇರ್ತೀರೋ ಇಲ್ವೋ, ತಾಲ್ಲೂಕು ಆಫೀಸ್ನಾಗೆ ಕೇಳ್ಕಂಡೇ ಬಸ್ ಹತ್ತೀನಿ."