ರೆಕ್ಸಿನ್ ಸೂಜಿ

2025ರ ಫೆಬ್ರುವರಿ 12, ಬುಧವಾರ, ಬೆಳಿಗ್ಗೆ 10 ಗಂಟೆ 40 ನಿಮಿಷ. ಮಾಲೂರಿನ ಕೈಗಾರಿಕಾ ಪ್ರದೇಶದ ಒಂದು ಗೋದಾಮಿನಲ್ಲಿ ಅಜ್ರಾ ಪರದೆಯ ಮೇಲೆ, ಮೂವತ್ತನಾಲ್ಕು ಕಾರ್ ಸೀಟುಗಳ ಲಾಟಿನ ಎದುರಿಗಿದ್ದ ‘ತಿರಸ್ಕೃತ’ ಎಂಬ ಗುಂಡಿಯನ್ನು ಒತ್ತಿದಳು. ಹನ್ನೊಂದಕ್ಕೆ ಮೇಲ್ವಿಚಾರಕ ಕಾಂತರಾಜ್ ಅವಳ ಮೇಜಿನ ಪಕ್ಕ ನಿಂತಿದ್ದ.

ಅವರ ಕಂಪನಿ ಮಕ್ಕಳ ಹಳೆಯ ಕಾರ್ ಸೀಟು, ಸ್ಟ್ರಾಲರ್‌ಗಳನ್ನು ಆನ್‌ಲೈನ್‌ನಲ್ಲಿ ಮರುಮಾರಾಟ ಮಾಡುತ್ತಿತ್ತು. ಮಾರುವವರು ಫೋಟೋ ಕಳಿಸಬೇಕು: ಲೇಬಲ್, ಪಟ್ಟಿಯ ಹೊಲಿಗೆ, ಪ್ಲಾಸ್ಟಿಕ್ ಚಿಪ್ಪಿನ ತಳ. ಪ್ರತಿ ಫೋಟೋದಲ್ಲೂ ಸ್ಟೀಲ್ ಸ್ಕೇಲು ಕಾಣಬೇಕು, ಬೆಳಕು ಪಕ್ಕದಿಂದ ಬೀಳಬೇಕು. ಕೋಲಾರದಲ್ಲಿ ಬಿಎಸ್‌ಸಿ ಮುಗಿಸಿದ್ದ ಅಜ್ರಾ ಮೂರು ವರ್ಷಗಳಿಂದ ಆ ಫೋಟೋಗಳನ್ನು ನೋಡುತ್ತಿದ್ದಳು.

“ಲೇಬಲ್ ಸರಿ ಇಲ್ವಾ?” ಎಂದ ಕಾಂತರಾಜ್.

“ಸರಿ ಇದೆ ಸಾರ್. ಕಿತ್ತಳೆ ಬಣ್ಣದ ಲೇಬಲ್, ವೃತ್ತದೊಳಗೆ ಯುರೋಪಿನ ಇ ಗುರುತು, ಅನುಮೋದನೆ ಸಂಖ್ಯೆ 04ರಿಂದ ಶುರು, ಒಂಬತ್ತರಿಂದ ಹದಿನೆಂಟು ಕಿಲೋ ಮಕ್ಕಳಿಗೆ ಅಂತ ಇದೆ.”

“ಪ್ಲಾಸ್ಟಿಕ್?”

“ಅದೂ ಸರಿ. ಅಚ್ಚಿನ ತಾರೀಕು 2021, ಲೇಬಲ್ಲಲ್ಲೂ 2021. ಬಾಗಿ ಬೆಳ್ಳಗಾದ ಗೆರೆ ಒಂದೂ ಇಲ್ಲ.”

“ಮತ್ತೆ ಏನಮ್ಮ ನಿಂಗೆ ರೋಗ?”

ಅವಳು ಒಂದು ಫೋಟೋವನ್ನು ಹಿಗ್ಗಿಸಿದಳು. ಭುಜದ ಪಟ್ಟಿಯ ತುದಿಯನ್ನು ಮಡಿಸಿ, ಲೋಹದ ತಟ್ಟೆಗೆ ಸಿಕ್ಕಿಸುವ ಕುಣಿಕೆಯನ್ನಾಗಿ ಹೊಲಿದಿದ್ದ ಜಾಗ. ದಪ್ಪ ಕಪ್ಪು ದಾರ, ಅಚ್ಚುಕಟ್ಟಾದ ಸಾಲುಗಳು. ಸಾಲುಗಳ ಪಕ್ಕದಲ್ಲಿ ದಾರವಿಲ್ಲದ ಸಣ್ಣ ಗುಂಡು ರಂಧ್ರಗಳು.

“ಇದು ಕಾರ್ಖಾನೆ ಹೊಲಿಗೆ ಬಿಚ್ಚಿದ ಗುರುತು. ಮೇಲೆ ಬೇರೆ ಯಾರೋ ಹೊಲ್ದಿದಾರೆ. ಹೊಸ ರಂಧ್ರ ನೋಡಿ, ಗುಂಡಗಿಲ್ಲ, ಸೀಳಿದ ಹಾಗಿದೆ. ಪಟ್ಟಿಗೆ ಅಡ್ಡಡ್ಡ ಸೀಳು. ಚರ್ಮ, ರೆಕ್ಸಿನ್ ಹೊಲಿಯೋ ಸೂಜಿ ಇದು. ಅದರ ತುದಿ ಚಾಕು. ಚುಚ್ಚಿದ ಕಡೆಯಲ್ಲೆಲ್ಲ ಉದ್ದದ ಎಳೆಗಳನ್ನ ಕತ್ತರಿಸಿಬಿಟ್ಟಿದೆ.”

ಕಾಂತರಾಜ್ ಪರದೆಯನ್ನು ನೋಡಲಿಲ್ಲ. “ಈ ಲಾಟು ಮಾರೋಕೆ ಹಾಕಿರೋ ಆಂಜಿನಪ್ಪ ಫೋನ್ ಮಾಡಿ ಬಾಯಿಗೆ ಬಂದಂಗೆ ಬೈದ. ನಂಗಲೀಲಿ ಮೂವತ್ತು ವರ್ಷದಿಂದ ಲಾರಿ ಸೀಟು ಹೊಲಿಯೋನು. ಅಲ್ಲಿಗೇ ಬಂದು ಪರೀಕ್ಷೆ ಮಾಡಲಿ ಅಂತಿದಾನೆ, ಕರಾರಿನಲ್ಲಿ ಅವನಿಗೆ ಆ ಹಕ್ಕಿದೆ. ಹೋಗು. ನಿನ್ನ ಮಾತು ಸುಳ್ಳಾದ್ರೆ ನಾಳೆಯಿಂದ ಈ ಮೇಜಿನ ಹತ್ರ ಬರಬೇಡ.”

ಮಧ್ಯಾಹ್ನ ಎರಡೂವರೆಗೆ ಅಜ್ರಾ ನಂಗಲಿಯಲ್ಲಿ ಬಸ್ಸಿಳಿದಳು. ಹೆದ್ದಾರಿಯ ಬದಿಯಲ್ಲಿ ಲಾರಿಗಳ ಸಾಲು. ಆಂಜಿನಪ್ಪನ ಅಂಗಡಿಯ ಮುಂದೆ ಬಿಳಿಯ ವ್ಯಾನು ನಿಂತಿತ್ತು, ಒಳಗೆ ಹೊಲಿಗೆ ಯಂತ್ರದ ಹಿಂದೆ ಅವನು. ಅರವತ್ತರ ಆಸುಪಾಸು, ಕನ್ನಡಕ ಹಣೆಯ ಮೇಲೆ. ಅವನು ಎದ್ದು ನಿಲ್ಲಲಿಲ್ಲ.

“ಏಮಮ್ಮಾ, ಫೋಟೋ ನೋಡೋ ಮೇಡಂ ನೀನೇನಾ? ಸೂಜಿ ಹಿಡ್ದಿದ್ದೀಯಾ ಯಾವತ್ತಾದ್ರೂ?”

“ಇಲ್ಲ. ಯಾಕೆ ಬಿಚ್ಚಿದ್ರಿ ಅಣ್ಣ, ಮೊದಲಿನ ಹೊಲಿಗೆ?”

“ದಾರ ಬಣ್ಣ ಹೋಗಿತ್ತು. ಹಳೇ ದಾರ ಕಂಡ್ರೆ ಯಾರ್ ತಗೋತಾರೆ? ಅವರದು ಸಣ್ಣ ದಾರ, ನನ್ನದು ದಪ್ಪ. ನನ್ನ ಹೊಲಿಗೆ ಮೇಲೆ ಡ್ರೈವರುಗಳು ಕನ್ಯಾಕುಮಾರಿಗೆ ಹೋಗಿ ಬಂದವ್ರೆ.”

“ಅವರು ಹೊಲಿಗೆ ಮೇಲೆ ಕೂತ್ಕೋತಾರೆ. ಗಾಡಿ ಗುದ್ದಿದಾಗ ಮಗು ಪಟ್ಟಿಗೆ ಜೋತುಬೀಳತ್ತೆ.”

“ಮಾತು ಕಲ್ತಿದೀಯ.” ಅವನು ಬಾಗಿಲ ಹೊರಗೆ ಉಗುಳಿದ. “ಲೇಬಲ್ ಸರಿ ಐತೆ ಅಂತ ನೀನೇ ಬರ್ದಿದೀಯಲ್ಲ?”

“ಲೇಬಲ್ ಹೇಳೋದು ಕಾರ್ಖಾನೆಯಿಂದ ಬಂದ ಸೀಟಿನ ಬಗ್ಗೆ. ನೀವು ಮುಟ್ಟಿದ ಮೇಲೆ ಅದು ನಿಮ್ಮ ಸೀಟು.”

ಈ ಮಾತಿಗೆ ಅವನು ಎದ್ದ. ಲಾಟಿನಿಂದ ಒಂದು ಸೀಟನ್ನು ಎತ್ತಿಕೊಂಡು ಪಕ್ಕದ ಸಾದಿಕ್‌ನ ಗುಜರಿಗೆ ನಡೆದ. ಅಲ್ಲಿ ಮುಕ್ಕಾಲಿ ಕಂಬಕ್ಕೆ ಚೈನ್ ಪುಲ್ಲಿ ತೂಗುತ್ತಿತ್ತು, ಅದರ ಕೊಕ್ಕೆಗೆ ಅಂಕಿ ತೋರಿಸುವ ತೂಕದ ಯಂತ್ರ. ಐನೂರು ಕಿಲೋವರೆಗೆ ತೂಗುವಂಥದ್ದು, ಅತಿ ಹೆಚ್ಚಿನ ಅಂಕಿಯನ್ನು ಹಿಡಿದಿಟ್ಟುಕೊಳ್ಳುವಂಥದ್ದು.

“ಎಳೆಯೋಣ. ಎಷ್ಟು ಬೇಕು ನಿನ್ನ ಪುಸ್ತಕಕ್ಕೆ?”

“ಕನಿಷ್ಠ ಮುನ್ನೂರ ಅರವತ್ತೇಳು ಕಿಲೋ.”

“ಹತ್ತು ಕಿಲೋ ಮಗೂಗೆ?” ಸಾದಿಕ್ ನಕ್ಕ.

“ಕಾರು ಗುದ್ದಿ ನಿಂತಾಗ ಆ ಹತ್ತು ಕಿಲೋ ಹತ್ತಾಗಿ ಇರಲ್ಲ ಭಾಯ್.”

ಅಜ್ರಾ ತನ್ನ ಚೀಲದಿಂದ ಅದೇ ಮಾದರಿಯ, ಯಾರೂ ಮುಟ್ಟದ ಕುಣಿಕೆಯೊಂದನ್ನು ತೆಗೆದಳು. ಗೋದಾಮಿನಲ್ಲಿ ಚಿಪ್ಪು ಬಿರುಕು ಬಿಟ್ಟು ಬಿಸಾಡಿದ್ದ ಸೀಟಿನದು. ಕುಣಿಕೆಯನ್ನು ನೆಲದ ಕೊಕ್ಕೆಗೆ ಉಕ್ಕಿನ ತಂತಿಯಿಂದ ಬಿಗಿದಿದ್ದ ಕಬ್ಬಿಣದ ಸರಳಿಗೆ ಹಾಕಿ, ಪಟ್ಟಿಯ ಇನ್ನೊಂದು ತುದಿಯನ್ನು ತೂಕದ ಯಂತ್ರದಡಿ ತೂಗುವ ಕೊಳವೆಗೆ ನಾಲ್ಕು ಸುತ್ತು ಸುತ್ತಿ ಕಟ್ಟಿಸಿದಳು. ಎಲ್ಲರನ್ನೂ ಐದು ಹೆಜ್ಜೆ ಹಿಂದೆ ಸರಿಸಿದಳು. ಸಾದಿಕ್ ದೂರದಿಂದ ಸರಪಳಿ ಎಳೆದ. ಮುನ್ನೂರು, ನಾನೂರು. ಯಂತ್ರದ ಮಿತಿ ಹತ್ತಿರವಾದಾಗ ಅವಳು ಕೈಯೆತ್ತಿ ನಿಲ್ಲಿಸಿದಳು. ಒಂದು ಎಳೆಯೂ ಕಿತ್ತಿರಲಿಲ್ಲ.

ಆಮೇಲೆ ಆಂಜಿನಪ್ಪನ ಪಟ್ಟಿ. ಇನ್ನೂರು ದಾಟಿತು. ಇನ್ನೂರ ಎಂಬತ್ತು. ದಾರ ಗಟ್ಟಿಯಾಗಿಯೇ ನಿಂತಿತು. ದಾರದ ಪಕ್ಕದಲ್ಲಿ, ರಂಧ್ರಗಳ ಸಾಲಿನಗುಂಟ, ಹಾಳೆಯಿಂದ ಅಂಚೆಚೀಟಿ ಹರಿದಂತೆ ಪಟ್ಟಿ ಹರಿದು ಸರಳು ನೆಲಕ್ಕೆ ಬಿತ್ತು. ಅಂಕಿ 318ರಲ್ಲಿ ನಿಂತಿತ್ತು.

“ನಿನ್ನ ಹೊಲಿಗೆ ಅಲ್ಲ ಅಣ್ಣ ಕಿತ್ತದ್ದು,” ಎಂದ ಸಾದಿಕ್, ಸಮಾಧಾನಕ್ಕೆ.

“ಮುಚ್ಚು ಲೇ.” ಆಂಜಿನಪ್ಪ ಅಜ್ರಾಳ ಕಡೆ ತಿರುಗಿದ. “ಇದು ಮಾರಾಟದ ಮಾಲು. ಒಂದೇ ದಿನ ಹನ್ನೆರಡು ಹೊಲ್ದಿದೀನಿ, ಎರಡೇ ಸಾಲು ಹಾಕಿರೋದು. ನನ್ನ ಕೈ ಅಂದ್ರೆ ಏನು ಅಂತ ತೋರಿಸ್ತೀನಿ ಇರು.”

ಅವನು ತನ್ನ ವ್ಯಾನಿನ ಬಾಗಿಲು ತೆರೆದ. ಹಿಂದಿನ ಸೀಟಿನ ಮೇಲೆ ಅದೇ ಮಾದರಿಯ ಇನ್ನೊಂದು ಸೀಟು ಕಟ್ಟಿತ್ತು, ಮಡಿಕೆಯಲ್ಲಿ ಬಿಸ್ಕತ್ತಿನ ಪುಡಿ. ಭುಜದ ಪಟ್ಟಿಯ ತುದಿಯಲ್ಲಿ ಕೆಂಪು ದಾರ, ಐದು ಸಾಲು, ಒಂದರ ಪಕ್ಕ ಒಂದು ಒತ್ತೊತ್ತಾಗಿ.

“ನನ್ನ ಮೊಮ್ಮಗಳು ಗಂಗಾಂದು. ದಿನಾ ಮುಳಬಾಗಲಿಗೆ ಶಾಲೆಗೆ ಇದರಲ್ಲೇ ಹೋಗಿ ಬರ್ತಾಳೆ. ಎರಡು ರಾತ್ರಿ ಕೂತು ಹೊಲ್ದಿದೀನಿ.”

ಅಜ್ರಾ ಬಗ್ಗಿ ನೋಡಿದಳು. ಸ್ಕೇಲು ಇಟ್ಟು ಎಣಿಸಿದಳು: ಒಂದು ಸೆಂಟಿಮೀಟರಿಗೆ ಐದು ಸೀಳು, ಅಂಥ ಐದು ಸಾಲು. ಕಪ್ಪು ದಾರದ ಪಟ್ಟಿಯಲ್ಲಿ ಸೆಂಟಿಮೀಟರಿಗೆ ಮೂರಿದ್ದವು.

“ಇದನ್ನ ಎಳೆಯೋದು ಬೇಡ ಅಣ್ಣ,” ಎಂದಳು. “ಹಾಗೇ ಬಿಚ್ಚಿ ಎತ್ತಿಡಿ. ಇವತ್ತು ಇದರಲ್ಲಿ ಕೂರಿಸಬೇಡಿ.”

“ಹೆದರಿದ್ಯಾ? ಸುಳ್ಳು ಬಯಲಾಗತ್ತೆ ಅಂತ?”

“ಸಾಲು ಜಾಸ್ತಿಯಾದಷ್ಟೂ ಪಟ್ಟಿ ಕಮ್ಮಿ ಉಳಿದಿರತ್ತೆ.”

“ಪಾಠ ನಿಲ್ಸು.” ಅವನು ಕತ್ತರಿಯಿಂದ ಪಟ್ಟಿಯನ್ನು ತಾನೇ ಕತ್ತರಿಸಿದ, ತಾನೇ ಕೊಳವೆಗೆ ಸುತ್ತಿದ, ಕುಣಿಕೆಯನ್ನು ಸರಳಿಗೆ ಹಾಕಿದ. ಸಾದಿಕ್‌ನನ್ನು ಪಕ್ಕಕ್ಕೆ ತಳ್ಳಿ ಸರಪಳಿ ಹಿಡಿದ. “ಇದು ನಿಂತ್ರೆ ನೀನು ಇಲ್ಲೇ, ಇವನೆದುರಿಗೇ ನಿಮ್ಮ ಸಾಹೇಬನಿಗೆ ಫೋನ್ ಮಾಡಿ, ನನಗೆ ಕಣ್ಣು ಕಾಣಲ್ಲ ಅಂತ ಹೇಳಬೇಕು.”

“ಹೇಳ್ತೀನಿ. ನಿಲ್ಲದಿದ್ರೆ?”

ಅವನು ಎಳೆಯತೊಡಗಿದ. ಸರಪಳಿ ಕಟಕಟ ಎಂದಿತು. ನೂರು, ನೂರೈವತ್ತು. ಅವನು ಅಂಕಿಗಳನ್ನು ನೋಡಲಿಲ್ಲ, ಕೆಂಪು ದಾರವನ್ನೇ ನೋಡುತ್ತಿದ್ದ. ಇನ್ನೂರು ದಾಟಿದಾಗ ಐದು ಸಾಲುಗಳ ನಡುವೆ ಬೆಳಕು ಕಾಣತೊಡಗಿತು. ಅವನು ಒಮ್ಮೆ ತಡೆದ. ಆಮೇಲೆ ಹಲ್ಲು ಕಚ್ಚಿ ಇನ್ನೊಂದು ಜಗ್ಗು ಜಗ್ಗಿದ.

ಸರಳು ಬಿದ್ದ ಸದ್ದಿಗೆ ಪಕ್ಕದ ಲಾರಿಯ ಕ್ಲೀನರ್ ತಲೆಯೆತ್ತಿದ. ಕೆಂಪು ದಾರ ಒಂದೂ ಕಡಿದಿರಲಿಲ್ಲ. ಆಂಜಿನಪ್ಪ ಹರಿದ ತುಂಡನ್ನು ಎತ್ತಿಕೊಂಡು ಕನ್ನಡಕವನ್ನು ಕಣ್ಣಿಗೆ ಇಳಿಸಿದ. ಬೆರಳಿನಿಂದ ಅಂಚನ್ನು ತಡವಿದ. ಸೀಳುಗಳು ಒಂದಕ್ಕೊಂದು ಸೇರಿಹೋಗಿದ್ದವು.

“ನಡಿ ಇಲ್ಲಿಂದ,” ಎಂದ, ಅವಳ ಮುಖ ನೋಡದೆ. “ನಿನ್ನ ಕೆಲಸ ಆಯ್ತಲ್ಲ. ನಡಿ.”

“ಲಾಟು ವಾಪಸ್ ಅಂತ ರುಜು ಬೇಕು.”

ಅವನು ಕಾಗದ ಕಿತ್ತುಕೊಂಡು ರುಜು ಮಾಡಿ ಅವಳ ಕಾಲ ಬಳಿ ಎಸೆದ. ಫೋನ್ ತೆಗೆದು ಮನೆಗೆ ಕರೆ ಮಾಡಿ, ಮಗುವನ್ನು ಶಾಲೆಯಿಂದ ಬಸ್ಸಿನಲ್ಲಿ ಕರೆದುಕೊಂಡು ಬರುವಂತೆ ಹೇಳಿದ. ಯಾಕೆ ಎಂದು ಕೇಳಿದವರಿಗೆ, “ಹೇಳಿದ್ದಷ್ಟು ಮಾಡಿ,” ಎಂದು ಕೂಗಿದ.

ಅಜ್ರಾ ಕಾಗದವನ್ನು ಎತ್ತಿ ಧೂಳು ಕೊಡವಿದಳು. ತೂಕದ ಯಂತ್ರದ ಮುಖಕ್ಕೆ ಮೊಬೈಲು ಹಿಡಿದು ಫೋಟೋ ತೆಗೆದಳು, ಹರಿದ ಪಟ್ಟಿಯನ್ನೂ ಸ್ಕೇಲನ್ನೂ ಪಕ್ಕದಲ್ಲಿಟ್ಟು. ವರದಿಯ ಕೊನೆಯ ಸಾಲಿನಲ್ಲಿ ಅವಳು ಬರೆದದ್ದು ಇಷ್ಟೇ: ಆಂಜಿನಪ್ಪ ಹೊಲಿದ ಎರಡನೆಯ ಪಟ್ಟಿ, ಐದು ಸಾಲು ಹೊಲಿಗೆ, ಹರಿದ ಭಾರ 241 ಕಿಲೋ.