ಪಿಳ್ಳಣ್ಣಜ್ಜನ ಕೊರ್ಚೆ

ಉಮಾಶ್ರೀ ಟೇಪನ್ನು ಮತ್ತೊಮ್ಮೆ ಹಿಂದಕ್ಕೆ ಓಡಿಸಿದಳು. ಅನುಮಾನವೇ ಇರಲಿಲ್ಲ. ವೀಳ್ಯದೆಲೆ ಕೇಳುತ್ತಾ ಪಿಳ್ಳಣ್ಣಜ್ಜ ‘ಕೊರ್ಚೆ ಎಲೆ’ ಎಂದಿದ್ದ. ಅವಳ ಪ್ರಬಂಧದ ಪ್ರಕಾರ ಕೊರ್ಚೆ ಎಂದರೆ ನೀಲಿ.

೧೯೯೯ರ ನವೆಂಬರ್. ಮರುದಿನ ಬೆಳಗ್ಗೆ ಹತ್ತಕ್ಕೆ ವಿಚಾರ ಸಂಕಿರಣದಲ್ಲಿ ಆ ಪ್ರಬಂಧದ ಮಂಡನೆ. ಬಿಟಿಎಂನ ಬಾಡಿಗೆ ಕೋಣೆಯಿಂದ ಇಳಿದು, ಮೂಲೆಯ ಎಸ್‌ಟಿಡಿ ಬೂತಿನಿಂದ ತನ್ನ ಮಾರ್ಗದರ್ಶಕ ಚಕ್ರಪಾಣಿಯವರಿಗೆ ಫೋನು ಮಾಡಿ ವಿಷಯ ಹೇಳಿದಳು.

“ಹಸಿ ಎಲೆ ಅಂದಿರ್ತಾನಮ್ಮ, ಬಣ್ಣ ಅಲ್ಲ. ಕೊನೇ ಗಳಿಗೇಲಿ ಗಾಬರಿ ಬೀಳ್ಬೇಡ.”

“ಇರಬಹುದ್ರೀ ಸರ್. ಆದ್ರ ಅಜ್ಜನ್ನ ಇನ್ನೊಮ್ಮೆ ಕೇಳಿ ನೋಡ್ತೀನ್ರಿ.”

“ಈಗಾ? ಕರಪತ್ರ ಅಚ್ಚಾಗಿದೆ ಉಮಾಶ್ರೀ!”

ಅವರ ಸಿಟ್ಟು ಅವಳಿಗೆ ಅರ್ಥವಾಗುತ್ತಿತ್ತು. ಜಗತ್ತಿನ ಭಾಷೆಗಳಲ್ಲಿ ಬಣ್ಣದ ಮೂಲಪದಗಳು ಒಂದು ಸರದಿಯಲ್ಲೇ ಬರುತ್ತವೆ ಎಂಬುದು ಮೂವತ್ತು ವರ್ಷದ ವಾದ. ಎರಡೇ ಪದವಿದ್ದರೆ ಕಪ್ಪು, ಬಿಳಿ. ಮೂರನೆಯದು ಕೆಂಪು. ಆಮೇಲೆ ಹಸಿರು ಇಲ್ಲವೇ ಹಳದಿ, ಬೆನ್ನಿಗೇ ಉಳಿದದ್ದು. ಇವೆಲ್ಲ ಆದಮೇಲೆ ನೀಲಿ. ಕಂದು ಅದಕ್ಕೂ ಆಚೆ. ಚಕ್ರಪಾಣಿ ಈ ಸರದಿಯನ್ನು ಒಪ್ಪದೆ ಅರ್ಧ ಆಯುಷ್ಯ ಕಳೆದಿದ್ದರು. ಗುಡ್ಡಗಾಡಿನಿಂದ ಕಟ್ಟಡದ ಕೆಲಸಕ್ಕೆ ಬಂದು ಅಂಜನಾಪುರದ ಶೆಡ್ಡುಗಳಲ್ಲಿದ್ದ, ಪಿಳ್ಳಣ್ಣಜ್ಜನೂ ಸೇರಿ ಆರು ಮಂದಿಯ ಭಾಷೆಯಲ್ಲಿ ಹಸಿರು, ಹಳದಿ ಎರಡೂ ಇಲ್ಲದೆ ನೀಲಿ ಸಿಕ್ಕಿತ್ತು. ಅದು ನಿಜವಾದರೆ ಸರದಿ ಮುರಿದಂತೆ.

ಬನಶಂಕರಿಯಲ್ಲಿ ಬಸ್ಸು ಬದಲಿಸಿ ಅವಳು ಅಂಜನಾಪುರ ಮುಟ್ಟುವಾಗ ಮೂರೂವರೆ. ಬಣ್ಣ ತೋರಿಸುವುದಕ್ಕೆ ಹಗಲ ಬೆಳಕೇ ಬೇಕು. ಹೆಚ್ಚೆಂದರೆ ಒಂದೂವರೆ ತಾಸು ಉಳಿದಿತ್ತು.

ಅಜ್ಜನ ಮಗಳು ಕಮಲಾದೇವಿ ಎದುರುಗೊಂಡಳು. ಏಳನೇ ಕ್ಲಾಸು ಓದಿದವಳು. ಹಿಂದಿನ ಸಲ ಆರೂ ಜನರ ಉತ್ತರವನ್ನು ಕನ್ನಡಕ್ಕೆ ತಂದವಳು ಅವಳೇ.

“ಬೇಜಾರ್ ಮಾಡ್ಕೋಬ್ಯಾಡ್ರಿ ಅಕ್ಕಾ, ಇವತ್ತು ಅಜ್ಜನ್ನ ನಾನ ನೇರ ಕೇಳ್ತೀನಿ,” ಎಂದಳು ಉಮಾಶ್ರೀ. ಆರು ತಿಂಗಳಲ್ಲಿ ಆ ಭಾಷೆ ಅಷ್ಟು ಕೈಗೆ ಬಂದಿತ್ತು. ಕಮಲಾದೇವಿಯ ಮುಖ ಸಣ್ಣದಾಯಿತು. ಶೆಡ್ಡಿನೊಳಗೆ ಹೋದಳು.

ಶೆಡ್ಡಿನ ನೆರಳಲ್ಲಿ ಉಮಾಶ್ರೀ ಬಣ್ಣದ ಚೌಕಗಳ ಹಾಳೆ ಹಾಸಿ, ಅಜ್ಜನ ಅಂಗೈಗೆ ಅಕ್ಕಿ ಸುರಿದಳು. ಕೊರ್ಚೆ ಅನ್ನಿಸಿದ ಪ್ರತಿ ಚೌಕದ ಮೇಲೂ ಒಂದು ಕಾಳು.

ಅಜ್ಜ ಆಕಾಶದ ಬಣ್ಣದ ಮೇಲಿಟ್ಟ. ಶಾಯಿಯ ಬಣ್ಣದ ಮೇಲಿಟ್ಟ. ಅವಳ ಎದೆ ಹಗುರಾಗುತ್ತಿರುವಾಗಲೇ ಅವನ ಕೈ ಎಡಕ್ಕೆ ಸರಿಯಿತು. ನವಿಲುಬಣ್ಣ, ಪಾಚಿಬಣ್ಣ, ಗರಿಕೆಯ ಬಣ್ಣ. ಒಂದಾದ ಮೇಲೊಂದು ಕಾಳು ಬೀಳುತ್ತಲೇ ಹೋಯಿತು. ಎಲ್ಲಕ್ಕಿಂತ ಚೆನ್ನಾದ ಕೊರ್ಚೆ ಯಾವುದು ಎಂದರೆ ಅಪ್ಪಟ ಹಸಿರಿನ ಮೇಲೆ ಬೆರಳಿಟ್ಟ. ಕೆಂಪಿನ ಪದಕ್ಕೆ ಕೇಳಿದಾಗ ಹಳದಿಯನ್ನೂ ಅದರೊಳಗೇ ಸೇರಿಸಿದ.

ಬಾಗಿಲಲ್ಲಿ ಕಮಲಾದೇವಿ ನಿಂತಿದ್ದಳು.

“ಅವತ್ತೂ ಎಲ್ರೂ ಹಿಂಗೇ ಅಂದ್ರು ಮೇಡಂ. ನಾನೇ ಹಸಿರು ಬಿಟ್ಟು ನೀಲಿ ಅಂತಷ್ಟೇ ಹೇಳ್ದೆ. ಹಸಿರಿಗೂ ನೀಲಿಗೂ ವ್ಯತ್ಯಾಸ ಗೊತ್ತಿಲ್ದ ಜನ ಅಂತ ನೀವು ಬರ್ಕೊಂಡೋಗಿ ನಗ್ತೀರಾ ಅನ್ಕೊಂಡೆ.”

“ವ್ಯತ್ಯಾಸ ಅಜ್ಜಗೂ ಕಾಣ್ತದಕ್ಕಾ. ಪದ ಒಂದೇ ಅದ ಅಷ್ಟ. ಅದ್ರಾಗ ನಗೂದೇನದ?” ಎನ್ನುವಾಗ ಉಮಾಶ್ರೀಗೆ ಅಳುವೇ ಬಂತು. ತಪ್ಪು ಕಮಲಾದೇವಿಯದಲ್ಲ, ಪರೀಕ್ಷಿಸದೆ ನಂಬಿದ ತನ್ನದು.

ಬೆಳಕು ಕುಂದುವುದರೊಳಗೆ ಇನ್ನೂ ಮೂವರು ಸಿಕ್ಕರು. ಮೂವರದೂ ಅದೇ ನಕ್ಷೆ.

ಏಳು ಗಂಟೆಗೆ ಜಯನಗರದ ಮನೆಯಲ್ಲಿ ಚಕ್ರಪಾಣಿ ಹಾಳೆಗಳನ್ನು ಮುಟ್ಟಲೇ ಇಲ್ಲ.

“ನಾಲ್ಕು ಜನ ಸಾಕಾ?”

“ಸಾಲೂದಿಲ್ರೀ. ಆದ್ರ ನೀಲಿ ಅಂತ ಹೇಳಾಕ ಈಗ ಒಬ್ರೂ ಇಲ್ರಿ.”

“ನಾಳೆ ಮುಗೀಲಿ. ಆಮೇಲೆ ತಿದ್ದುಪಡಿ ಕಳಿಸೋಣ.”

“ನಾ ಓದೂದಿಲ್ರೀ ಸರ್.”

ಅವಳ ಪಿಎಚ್‌ಡಿ ಇದ್ದದ್ದು ಅವರ ಕೈಯಲ್ಲೇ. ಅವರು ಎದ್ದು ಕಿಟಕಿಗೆ ಹೋದರು, ಬಂದರು, ಮತ್ತೆ ಹೋದರು. ಕೊನೆಗೆ, “ಹಳದಿ ಎಲ್ಲಿಟ್ರು?” ಎಂದರು.

“ಕೆಂಪಿನೊಳಗ.”

ಹಾಳೆ ಎಳೆದುಕೊಂಡು ಕೂತರು. ಕಪ್ಪು, ಬಿಳಿ, ಹಳದಿ ಸೇರಿದ ಕೆಂಪು, ಹಸಿರು-ನೀಲಿ ಒಂದಾದ ಕೊರ್ಚೆ. ನಾಲ್ಕು ಪದಗಳ ಹಂತ, ಅವರು ಮುರಿಯಬೇಕೆಂದಿದ್ದ ಸರದಿಯಲ್ಲಿ ಎಲ್ಲಿರಬೇಕೋ ಅಲ್ಲೇ. ಕೊರ್ಚೆಯ ಸುತ್ತ ಅವಳು ಎಳೆದಿದ್ದ ಗಡಿಗೆರೆಯುದ್ದಕ್ಕೂ ಅವರ ಬೆರಳು ಎರಡು ಸಲ ಹೋಗಿಬಂತು.

“ಅಚ್ಚುಕಟ್ಟಾಗಿದೆ ದರಿದ್ರದ್ದು,” ಎಂದರು.

ಮರುದಿನ ವೇದಿಕೆ ಹತ್ತಿದವರು ಅವರೇ. ಕರಪತ್ರ ಹಂಚಲಿಲ್ಲ. ಹಿಂದಿನ ಫಲಿತಾಂಶ ತಪ್ಪೆಂದೂ ಅದು ಹೇಗಾಯಿತೆಂದೂ ಒಂದನ್ನೂ ಮುಚ್ಚಿಡದೆ ಹೇಳಿದರು. ಸಭೆಯಲ್ಲಿ ಯಾರೋ ಮುಸಿಮುಸಿ ನಕ್ಕರು. ಹೊಸ ನಕ್ಷೆ ವಿವರಿಸಲು ಉಮಾಶ್ರೀಯನ್ನು ಕರೆದು, ಅವಳ ಮುಖ ನೋಡದೆ ಕೆಳಗಿಳಿದು ಮೊದಲ ಸಾಲಿನಲ್ಲಿ ಕೂತರು. ಆಮೇಲೆ ಒಂದು ತಿಂಗಳು ಅವಳೊಡನೆ ಕೆಲಸದ ಮಾತು ಬಿಟ್ಟು ಇನ್ನೇನೂ ಆಡಲಿಲ್ಲ.